ಲೇಖಕಿಯ ಪಾಲಿನ ಮೂರು ನಿಮಿಷ

ಪುಸ್ತಕ ಬಿಡುಗಡೆಯ ಯಾವ ಆಮಂತ್ರಣ ಪತ್ರಿಕೆ ತೆರೆದರೂ ಹೆಸರುಗಳ ಸಾಲು ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿರುತ್ತದೆ. ಅಧ್ಯಕ್ಷತೆ ಒಬ್ಬರದು, ಬಿಡುಗಡೆ ಇನ್ನೊಬ್ಬರದು. ಪುಸ್ತಕ ಕುರಿತು ಮಾತಾಡಲು ಒಬ್ಬರೋ ಇಬ್ಬರೋ ಇರುತ್ತಾರೆ. ಮುಖ್ಯ ಅತಿಥಿಗಳ ಸಂಖ್ಯೆ ಆಯೋಜಕರ ದಾಕ್ಷಿಣ್ಯಕ್ಕೆ ಬಿಟ್ಟದ್ದು. ಕೆಳಗೆ ಸಣ್ಣ ಅಕ್ಷರದಲ್ಲಿ ಪ್ರಾರ್ಥನೆ, ಸ್ವಾಗತ, ನಿರೂಪಣೆ, ವಂದನಾರ್ಪಣೆ. ಪುಸ್ತಕ ಬರೆದವರ ಹೆಸರು ಇವುಗಳ ನಡುವೆ ಎಲ್ಲೋ ‘ಉಪಸ್ಥಿತಿ’ ಎಂಬ ಮಾತಿನ ಮುಂದೆ ಕುಳಿತಿರುತ್ತದೆ.

ಭಾನುವಾರ ಬೆಳಗ್ಗೆ ಹತ್ತೂವರೆಗೆಂದು ಅಚ್ಚಾದ ಸಭೆ ಹನ್ನೊಂದಕ್ಕೆ ಶುರುವಾಗುತ್ತದೆ. ಉಪ್ಪಿಟ್ಟು, ಕೇಸರಿಬಾತು, ಕಾಫಿ ಮುಗಿಸಿ ಜನ ಒಳಗೆ ಬರುವುದು, ದೀಪ ಬೆಳಗುವುದು, ಬಣ್ಣದ ಕಾಗದದ ಕಟ್ಟು ಬಿಚ್ಚುವುದು, ಪುಸ್ತಕಗಳನ್ನು ಎದೆಯೆತ್ತರಕ್ಕೆ ಹಿಡಿದು ಫೋಟೊಕ್ಕೆ ನಿಲ್ಲುವುದು, ಆಮೇಲೆ ಭಾಷಣಗಳು. ಲೇಖಕಿಯನ್ನು ಮೈಕಿನ ಮುಂದೆ ಕರೆಯುವ ಹೊತ್ತಿಗೆ ಹನ್ನೆರಡೂವರೆ ದಾಟಿರುತ್ತದೆ. ಅಧ್ಯಕ್ಷರ ಮಾತು ಇನ್ನೂ ಬಾಕಿ. ಸಭಾಂಗಣವನ್ನು ಒಂದೂವರೆಗೆ ಬಿಟ್ಟುಕೊಡಬೇಕು. ಹಿಂದಿನ ಸಾಲಿನಲ್ಲಿ ಮಕ್ಕಳು ಹಸಿದಿದ್ದಾರೆ.

ಹೀಗಾಗಿ ಮೊದಲ ಪುಸ್ತಕದ ಲೇಖಕಿಗೆ ನಿಜವಾಗಿ ಸಿಗುವುದು ಮೂರೋ ನಾಲ್ಕೋ ನಿಮಿಷ. ಅಷ್ಟರಲ್ಲಿ ಮನೆಯವರಿಗೂ ಓದುಗರಿಗೂ ಕೃತಜ್ಞತೆ ಹೇಳಬೇಕು. ನಮ್ಮ ಸಭೆಗಳಲ್ಲಿ ಈ ಮಾತು ಹಳಿ ತಪ್ಪುವುದು ಹೆಚ್ಚಾಗಿ ಭಾವನೆ ಕಡಿಮೆಯಾಗಿ ಅಲ್ಲ. ಬೇರೆಯವರು ಮಾಡಬೇಕಾದ ಕೆಲಸವನ್ನೂ ಲೇಖಕಿ ತನ್ನ ತಲೆಗೆ ಎಳೆದುಕೊಳ್ಳುವುದರಿಂದ.

ಯಾರ ಕೆಲಸ ಯಾರದು

ಕನ್ನಡದ ಪುಸ್ತಕ ಬಿಡುಗಡೆಯಲ್ಲಿ ಕೃತಜ್ಞತೆಗೆ ಆಗಲೇ ಮೂರು ಜಾಗಗಳಿವೆ. ಮೊದಲನೆಯದು ವಂದನಾರ್ಪಣೆ. ವೇದಿಕೆಯ ಮೇಲಿದ್ದವರು, ಸಭಾಂಗಣ ಕೊಟ್ಟವರು, ಮೈಕಿನವರು, ಊಟದವರು, ಪತ್ರಕರ್ತರು, ಇವರನ್ನೆಲ್ಲ ಹೆಸರಿಡಿದು ನೆನೆಯಲು ಪ್ರಕಾಶನದ ಕಡೆಯಿಂದ ಒಬ್ಬರು ಪಟ್ಟಿ ಹಿಡಿದು ಕಾದಿರುತ್ತಾರೆ. ಎರಡನೆಯದು ಪುಸ್ತಕದ ಒಳಗಿರುವ ‘ನನ್ನ ಮಾತು’ ಅಥವಾ ‘ಅರಿಕೆ’. ಕತೆಗಳನ್ನು ಮೊದಲು ಪ್ರಕಟಿಸಿದ ಪತ್ರಿಕೆಗಳು, ಮುನ್ನುಡಿ ಬರೆದವರು, ಬೆನ್ನುಡಿ ಬರೆದವರು, ಮುಖಪುಟ ಮಾಡಿದವರು, ಅಚ್ಚು ಹಾಕಿದವರು ಅಲ್ಲಿ ಬರುತ್ತಾರೆ. ಆ ಪಟ್ಟಿ ಅಚ್ಚಾಗಿ ಉಳಿಯುತ್ತದೆ, ಅದನ್ನು ಮೈಕಿನಲ್ಲಿ ಮತ್ತೆ ಓದಬೇಕಾಗಿಲ್ಲ. ಮೂರನೆಯದು ಅರ್ಪಣೆಯ ಪುಟ.

ಈ ಮೂರನ್ನೂ ಕಳೆದ ಮೇಲೆ ಲೇಖಕಿಯ ಮಾತಿಗೆ ಉಳಿಯುವುದು ಕಡಿಮೆ, ಆದರೆ ಅದು ಅವಳೊಬ್ಬಳೇ ಹೇಳಬಲ್ಲದ್ದು. ವಂದನಾರ್ಪಣೆಯವರಿಗೆ ಗೊತ್ತಿಲ್ಲದ, ಅರಿಕೆಯ ನಾಲ್ಕು ಸಾಲಿನಲ್ಲಿ ಹಿಡಿಸದ ಸಂಗತಿ ಅದು: ಮನೆಯ ಯಾವ ವ್ಯಕ್ತಿ ಈ ಪುಸ್ತಕಕ್ಕೆ ಏನು ಮಾಡಿದರು, ಯಾವ ಓದುಗರ ಯಾವ ಮಾತು ಬರವಣಿಗೆಯನ್ನು ಎಲ್ಲಿ ತಿರುಗಿಸಿತು.

ಸಂಬೋಧನೆಯನ್ನೇ ತೆಗೆದುಕೊಳ್ಳಿ. ‘ಈ ಸಮಾರಂಭದ ಅಧ್ಯಕ್ಷರಾದ, ನಾಡಿನ ಹಿರಿಯ ವಿಮರ್ಶಕರೂ ನನ್ನ ಗುರುಗಳೂ ಆದ’ ಎಂದು ಆರಂಭಿಸಿ ವೇದಿಕೆಯ ಆರು ಮಂದಿಯನ್ನು ಬಿರುದು ಸಮೇತ ಕರೆದರೆ ಅಲ್ಲಿಗೇ ಒಂದು ನಿಮಿಷ ಮುಗಿಯುತ್ತದೆ. ಸ್ವಾಗತ ಮಾಡಿದವರು ಈ ಹೆಸರುಗಳನ್ನು ಒಮ್ಮೆ ಹೇಳಿದ್ದಾರೆ. ನಿರೂಪಕರು ಪ್ರತಿ ಭಾಷಣಕ್ಕೂ ಮುಂಚೆ ಮತ್ತೆ ಹೇಳಿದ್ದಾರೆ. ಪ್ರತಿ ಭಾಷಣಕಾರರೂ ಹೇಳಿದ್ದಾರೆ. ಲೇಖಕಿ ಹೇಳುವುದು ಬಹುಶಃ ಎಂಟನೆಯ ಸಲ. ಹಿರಿಯರಿಗೆ ಅಗೌರವವಾದೀತು ಎಂಬ ಹೆದರಿಕೆ ಇದ್ದರೆ ಅದಕ್ಕೆ ಸಭೆಯಲ್ಲಿ ಎಲ್ಲರೂ ಒಪ್ಪುವ ದಾರಿಯೊಂದಿದೆ. ವೇದಿಕೆಯ ಕಡೆ ತಿರುಗಿ ಕೈಮುಗಿದು, ‘ವೇದಿಕೆಯಲ್ಲಿರುವ ಹಿರಿಯರಿಗೆ ನಮಸ್ಕಾರ’ ಎಂದು ಸಭೆಯ ಕಡೆ ತಿರುಗಿದರಾಯಿತು.

ಎಷ್ಟು ಮಾತಿಗೆ ಎಷ್ಟು ಹೊತ್ತು ಎಂಬ ಅಂದಾಜು ಅನೇಕರಿಗೆ ಇರುವುದಿಲ್ಲ. ಕನ್ನಡದಲ್ಲಿ ವಿಭಕ್ತಿ, ಕಾಲ, ವಚನ ಎಲ್ಲವೂ ಪದಕ್ಕೇ ಅಂಟಿಕೊಳ್ಳುವುದರಿಂದ ಪದಗಳು ಉದ್ದ. ಸಭೆಯಲ್ಲಿ ಬಿಡಿಸಿ ಓದಿದರೆ ನಿಮಿಷಕ್ಕೆ ಸುಮಾರು ನೂರು ಪದ ಆದೀತು. ನಡುವೆ ನಿಲ್ಲುವುದು, ಜನ ನಗುವುದು ಸೇರಿದರೆ ಇನ್ನೂ ಕಡಿಮೆ. ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನೊಳಗೆ ಹಾಡಿ ಮುಗಿಸಬೇಕೆಂದು ಸರ್ಕಾರ 2022ರಲ್ಲಿ ಗೊತ್ತುಮಾಡಿತು. ಅಷ್ಟು ಹೊತ್ತು ಸಭೆ ನೆಟ್ಟಗೆ ನಿಂತು ಕೇಳುತ್ತದೆ. ಹಸಿದ ಸಭೆ ಕುಳಿತು ಗಮನವಿಟ್ಟು ಕೇಳುವುದೂ ಅದಕ್ಕಿಂತ ಬಹಳ ಹೆಚ್ಚೇನಲ್ಲ. ಇನ್ನೂರೈವತ್ತು ಪದ ಬರೆದುಕೊಂಡವರು ನಿಶ್ಚಿಂತೆಯಿಂದ ಮೈಕಿಗೆ ಹೋಗಬಹುದು.

ಮೊದಲ ಕರಡು

ಒಂದು ಉದಾಹರಣೆ ಕಟ್ಟಿ ನೋಡೋಣ. ಲೇಖಕಿಗೆ ನಲವತ್ತರ ಆಸುಪಾಸು, ಮಲೆನಾಡಿನ ತಾಲೂಕು ಕೇಂದ್ರವೊಂದರಲ್ಲಿ ಅಂಚೆ ಕಚೇರಿಯ ಕೆಲಸ. ಹನ್ನೊಂದು ಕತೆಗಳ ಮೊದಲ ಸಂಕಲನ ಬರುತ್ತಿದೆ. ನಾಲ್ಕು ಕತೆ ವಾರಪತ್ರಿಕೆ, ಮಾಸಪತ್ರಿಕೆಗಳಲ್ಲಿ ಬಂದಿವೆ. ಮನೆಯಲ್ಲಿ ಅತ್ತೆ, ಗಂಡ, ಹೈಸ್ಕೂಲಿನ ಮಗಳು. ತಂದೆ ತೀರಿಕೊಂಡಿದ್ದಾರೆ. ಬಿಡುಗಡೆಯ ಹಿಂದಿನ ರಾತ್ರಿ ಅವರು ಬರೆದುಕೊಳ್ಳುವ ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ:

‘ನನ್ನ ಬರವಣಿಗೆಗೆ ಸದಾ ಬೆನ್ನೆಲುಬಾಗಿ ನಿಂತ ನನ್ನ ಕುಟುಂಬಕ್ಕೆ ನಾನು ಚಿರಋಣಿ. ಬರೆಯಲು ಅವಕಾಶ ಮಾಡಿಕೊಟ್ಟ ನನ್ನ ಪತಿಗೆ, ಮಗಳಂತೆ ನೋಡಿಕೊಂಡ ಅತ್ತೆಯವರಿಗೆ, ನನ್ನ ಪ್ರತಿ ಹೆಜ್ಜೆಯಲ್ಲೂ ಸಹಕರಿಸಿದ ಮುದ್ದಿನ ಮಗಳಿಗೆ ಧನ್ಯವಾದಗಳು. ಇಂದು ನನ್ನ ತಂದೆ ಇದ್ದಿದ್ದರೆ ತುಂಬಾ ಸಂತೋಷಪಡುತ್ತಿದ್ದರು. ಓದುಗ ದೇವರುಗಳಿಗೆ ನನ್ನ ಅನಂತ ನಮನಗಳು.’

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೂ ಈ ಕಾಗದವನ್ನು ಮುಂದಿನ ವಾರ ಅದೇ ವೇದಿಕೆಗೆ ಬರುವ ಇನ್ನೊಬ್ಬ ಲೇಖಕಿಯ ಕೈಗೆ ಕೊಟ್ಟರೆ ಒಂದಕ್ಷರ ತಿದ್ದದೆ ಓದಿಬಿಡಬಹುದು. ಮುಂದಿನ ಸಾಲಿನಲ್ಲಿ ಕುಳಿತ ಅತ್ತೆಗೆ ತನ್ನ ಬಗ್ಗೆ ಏನೋ ಹೇಳಿದರು ಎಂದು ಗೊತ್ತಾಗುತ್ತದೆ, ಏನು ಹೇಳಿದರು ಎಂದು ಗೊತ್ತಾಗುವುದಿಲ್ಲ.

‘ಅವಕಾಶ ಮಾಡಿಕೊಟ್ಟ ಪತಿ’ ಎಂಬ ಮಾತು ಹೆಂಗಸರ ಮೊದಲ ಪುಸ್ತಕದ ಸಭೆಗಳಲ್ಲಿ ಮತ್ತೆಮತ್ತೆ ಬರುತ್ತದೆ. ಬರೆಯುವುದಕ್ಕೆ ಅಪ್ಪಣೆ ಬೇಕಿತ್ತು, ಅದು ಸಿಕ್ಕಿತು ಎಂಬುದು ಅದರ ಅರ್ಥ. ಗಂಡ ನಿಜವಾಗಿ ಏನನ್ನೋ ಮಾಡಿದ್ದರೆ ಈ ಮಾತು ಅದನ್ನು ಮುಚ್ಚಿಹಾಕುತ್ತದೆ. ಏನೂ ಮಾಡದಿದ್ದರೆ ಅಡ್ಡ ಬರಲಿಲ್ಲ ಎಂಬುದಕ್ಕೇ ಸಭೆಯಲ್ಲಿ ಚಪ್ಪಾಳೆ ಕೊಡಿಸುತ್ತದೆ. ಎರಡೂ ಕಡೆಗೂ ನ್ಯಾಯವಲ್ಲ.

ಮನೆಯವರಿಗೆ ಧನ್ಯವಾದ ಹೇಳುವುದು ನಮ್ಮಲ್ಲಿ ಕಷ್ಟವಾಗುವುದಕ್ಕೆ ಇನ್ನೊಂದು ಕಾರಣವಿದೆ. ಮನೆಯೊಳಗೆ ಯಾರೂ ಯಾರಿಗೂ ಅದನ್ನು ಹೇಳುವುದಿಲ್ಲ. ಕಾಫಿ ಕೊಟ್ಟ ಅತ್ತೆಗೆ ಸೊಸೆ ಧನ್ಯವಾದ ಎಂದರೆ ಅತ್ತೆ, ‘ಏನಾಯ್ತೇ ನಿಂಗೆ?’ ಎಂದಾರು. ಅಲ್ಲಿ ಉಪಕಾರವನ್ನು ನೆನೆಯುವ ರೀತಿಯೇ ಬೇರೆ. ‘ಅವತ್ತು ನೀವು ಬರದೇ ಇದ್ದಿದ್ದರೆ ನನ್ನ ಕತೆ ಅಷ್ಟೇ ಆಗಿತ್ತು’ ಎಂದು ನಡೆದದ್ದನ್ನು ಹೇಳುತ್ತಾರೆ, ಕೇಳಿದವರಿಗೆ ಅರ್ಥವಾಗುತ್ತದೆ. ಸಭೆಯ ಮಾತೂ ಈ ಜಾಡಿನಲ್ಲೇ ಹೋದರೆ ಸರಾಗ. ಕೃತಜ್ಞತೆಯ ಶಬ್ದ ಹುಡುಕುವುದನ್ನು ಬಿಟ್ಟು, ಪ್ರತಿ ಹೆಸರಿನ ಮುಂದೆ ‘ಏನು ಮಾಡಿದರು?’ ಎಂದು ಕೇಳಿಕೊಂಡು ಉತ್ತರ ಬರೆಯಬೇಕು.

ಇದಕ್ಕೆ ಒಳ್ಳೆಯ ಮಾದರಿಯೊಂದು ಅಮೆರಿಕದ ಹಾರ್ಪರ್ ಲೀ ಅವರದು. ಅವರ ಮೊದಲ ಕಾದಂಬರಿ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಪ್ರಕಟವಾದದ್ದು 1960ರಲ್ಲಿ. ಅದಕ್ಕೆ ಮೊದಲು ಅವರು ನ್ಯೂಯಾರ್ಕಿನಲ್ಲಿ ವಿಮಾನ ಕಂಪನಿಯ ಟಿಕೆಟ್ ಕಾಯ್ದಿರಿಸುವ ಗುಮಾಸ್ತೆ. 1956ರ ಕ್ರಿಸ್‌ಮಸ್ ದಿನ ಗೆಳೆಯ ದಂಪತಿ ಅವರಿಗೊಂದು ಲಕೋಟೆ ಕೊಟ್ಟರು. ಕೆಲಸ ಬಿಟ್ಟು ಒಂದು ವರ್ಷ ಬೇಕಾದ್ದನ್ನು ಬರೆಯಿರಿ, ಖರ್ಚು ನಮ್ಮದು ಎಂಬುದು ಅದರ ಸಾರ. ಕಾದಂಬರಿ ಬಂದ ಮರುವರ್ಷ, 1961ರ ಡಿಸೆಂಬರಿನಲ್ಲಿ, ಲೀ ಒಂದು ಮಾಸಪತ್ರಿಕೆಗೆ ಇದನ್ನೇ ಬರೆದರು. ಆ ಬರಹದಲ್ಲಿ ದಂಪತಿಯ ಹೆಸರೇ ಇಲ್ಲ. ಇರುವುದು ಆ ಬೆಳಗಿನ ಸಂಗತಿ: ಎಲ್ಲರಿಗೂ ಉಡುಗೊರೆ ಹಂಚಿದ್ದು, ತನಗೆ ಏನೂ ಇಲ್ಲವಲ್ಲ ಎಂದುಕೊಂಡದ್ದು, ಮರದ ಕೊಂಬೆಗಳ ನಡುವೆ ಲಕೋಟೆ ಸಿಕ್ಕಿದ್ದು, ಇದು ತಮಾಷೆಯೇ ಎಂದು ಕೇಳಿದ್ದು. ಹೆಸರು ಗೊತ್ತಿಲ್ಲದ ಓದುಗರಿಗೂ ಆ ಇಬ್ಬರು ಎಂಥವರೆಂದು ತಿಳಿಯಿತು. ಹೆಸರು ಹೇಳಿ ಸಂಗತಿ ಬಿಟ್ಟರೆ ಇದು ಸಾಧ್ಯವಾಗುತ್ತಿರಲಿಲ್ಲ.

ತಿದ್ದಿದ ಮಾತು

ನಮ್ಮ ಲೇಖಕಿಯೂ ಹಾಗೆಯೇ ಕೇಳಿಕೊಂಡರು ಎಂದಿಟ್ಟುಕೊಳ್ಳಿ. ಅತ್ತೆ ಏನು ಮಾಡಿದರು? ಗಂಡ ಏನು ಮಾಡಿದರು? ಆ ಉತ್ತರಗಳಿಂದ ಎದ್ದುಬರುವ ಮಾತು ಇಂಥದ್ದು:

‘ವೇದಿಕೆಯಲ್ಲಿರುವ ಹಿರಿಯರಿಗೆ, ಬಂದಿರುವ ಎಲ್ಲರಿಗೂ ನಮಸ್ಕಾರ.

‘ಈ ಪುಸ್ತಕದಲ್ಲಿ ಹನ್ನೊಂದು ಕತೆಗಳಿವೆ. ಹನ್ನೊಂದನ್ನೂ ಮೊದಲು ಕೇಳಿದವರು ನಮ್ಮತ್ತೆ. ಅವರಿಗೆ ಓದಲು ಬರುವುದಿಲ್ಲ. ರಾತ್ರಿ ಊಟ ಆದ ಮೇಲೆ ನಾನು ಓದುತ್ತಿದ್ದೆ, ಅವರು ಬತ್ತಿ ಹೊಸೆಯುತ್ತ ಕೇಳುತ್ತಿದ್ದರು. ಮೂರನೇ ಕತೆಯಲ್ಲಿ ಆಷಾಢದ ಮಳೆ ಹೊಯ್ಯುತ್ತಿದೆ, ಜಗಲಿಯಲ್ಲಿ ಹೆಂಗಸರು ಅಡಿಕೆ ಸುಲಿಯುತ್ತಿದ್ದಾರೆ ಅಂತ ಬರೆದಿದ್ದೆ. ಅತ್ತೆ ಬತ್ತಿ ಕೆಳಗಿಟ್ಟು, “ಆಷಾಢದಲ್ಲಿ ಯಾರ ಮನೇಲಿ ಅಡಿಕೆ ಸುಲೀತಾರೆ ಮಾರಾಯ್ತಿ? ಅದು ಮರಕ್ಕೆ ಔಷಧಿ ಹೊಡೆಯೋ ಕಾಲ” ಅಂದರು. ಆ ಕತೆಯಲ್ಲಿ ಈಗ ಮಳೆ ಇಲ್ಲ, ಕಾರ್ತಿಕ ಕಳೆದ ಚಳಿ ಇದೆ. ಚಳಿ ಬಂದ ಮೇಲೆ ಕತೆಯ ಕೊನೆಯೂ ಬೇರೆ ಆಯಿತು. ಅತ್ತೆ, ಆ ಕೊನೆ ನಿಮ್ಮದು.

‘ನಮ್ಮ ಯಜಮಾನರು ಕತೆ ಓದುವವರಲ್ಲ. ಆದರೆ ಈ ಪುಸ್ತಕದ ಒಂದೊಂದು ಅಕ್ಷರವನ್ನೂ ನೋಡಿದ್ದಾರೆ. ನಾನು ಫೋನಿನಲ್ಲಿ ಟೈಪ್ ಮಾಡಿದ್ದು ಪುಟವಾಗಿ ಬಂದಾಗ ಅರ್ಕಾವತ್ತುಗಳೆಲ್ಲ ಜಾಗ ಬಿಟ್ಟು ಓಡಾಡುತ್ತಿದ್ದವು. ಅವರು ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಕರಡು ಹಿಡಿದು ಮೂರು ಭಾನುವಾರ ಸಾಲುಸಾಲಾಗಿ ಹೋಲಿಸಿದರು. ಇನ್ನೂ ತಪ್ಪು ಸಿಕ್ಕರೆ ಅವರನ್ನು ಬೈಯಬೇಡಿ. ಅವರು ಗುರುತು ಹಾಕಿದ್ದನ್ನು ನಾನು ಬಿಟ್ಟಿರುತ್ತೇನೆ.

‘ಅಪ್ಪ ಇಲ್ಲ. ಅವರಿಗೆ ಒಂದು ಮಾತು. ಅಪ್ಪ, ನಿಮ್ಮ ಲೈಬ್ರರಿ ಕಾರ್ಡಿನಲ್ಲಿ ತಂದ ಪುಸ್ತಕಗಳನ್ನೆಲ್ಲ ವಾಪಸ್ ಕೊಟ್ಟಿದ್ದೇನೆ. ನಾಳೆ ಹೋಗಿ ನನ್ನದೊಂದನ್ನು ಅಲ್ಲಿಟ್ಟು ಬರುತ್ತೇನೆ.

‘ಇಲ್ಲಿರುವ ಬಹಳ ಮಂದಿ ಈ ಪುಸ್ತಕ ಓದಿಲ್ಲ. ಅದು ಕಾಗದದಿಂದ ಹೊರಗೆ ಬಂದೇ ಒಂದು ಗಂಟೆ ಆಯಿತು. ಆದರೆ ಇದರ ನಾಲ್ಕು ಕತೆ ಪತ್ರಿಕೆಗಳಲ್ಲಿ ಬಂದಾಗ ಓದಿದವರು ಕೆಲವರಿದ್ದೀರಿ. ಮೊದಲ ಕತೆ ಬಂದ ವಾರ ಒಬ್ಬರು ಫೋನ್ ಮಾಡಿ, “ಆ ಹುಡುಗಿ ಬಸ್ಸು ಹತ್ತಿದಳೋ ಇಲ್ಲವೋ, ಅಷ್ಟು ಹೇಳಿ ಸಾಕು” ಅಂದರು. ನನಗೂ ಗೊತ್ತಿರಲಿಲ್ಲ. ಅವರಿಗೆ ಉತ್ತರ ಹುಡುಕುತ್ತಾ ಹನ್ನೊಂದನೇ ಕತೆ ಬರೆದೆ. ಅವರು ಇವತ್ತು ಬಂದಿದ್ದರೆ, ಉತ್ತರ ನೂರಾ ಹನ್ನೆರಡನೇ ಪುಟದಲ್ಲಿದೆ.

‘ಉಳಿದವರು ಓದಿ. ಎಲ್ಲಿ ಬೇಸರ ಬಂತು ಅನ್ನೋದನ್ನೂ ತಿಳಿಸಿ. ನಮಸ್ಕಾರ.’

ಇಷ್ಟೇ. ಇನ್ನೂರಕ್ಕೆ ತುಸು ಕಡಿಮೆ ಪದ. ಸಭೆ ನಕ್ಕು ಸುಮ್ಮನಾಗುವ ಹೊತ್ತೂ ಸೇರಿ ಮೂರು ನಿಮಿಷದೊಳಗೆ ಮುಗಿಯುತ್ತದೆ. ಧನ್ಯವಾದ ಎಂಬ ಶಬ್ದ ಒಮ್ಮೆಯೂ ಬಂದಿಲ್ಲ. ಯಾರಿಗೂ ಅದು ಕೊರತೆ ಎನಿಸಲಿಕ್ಕಿಲ್ಲ.

ಅತ್ತೆಯ ಭಾಗವನ್ನು ಹತ್ತಿರದಿಂದ ನೋಡಿದರೆ ಅದು ನಿಲ್ಲುವುದು ಒಂದು ನಿಜವಾದ ತಿದ್ದುಪಡಿಯ ಮೇಲೆ. ಮಲೆನಾಡಿನಲ್ಲಿ ಆಷಾಢವೆಂದರೆ ಜಡಿಮಳೆ. ಆಗ ಎಳೆಗಾಯಿಗೆ ಕೊಳೆ ರೋಗ ಬಾರದಂತೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ. ಕೊನೆ ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಎಲ್ಲ ಮಳೆ ಹಿಂದಾದ ಮೇಲೆ. ಓದು ಬಾರದ ಹಿರಿಯರೊಬ್ಬರು ಕತೆಯ ಕಾಲವನ್ನೇ ತಿದ್ದಿದರು ಎಂಬ ಸಂಗತಿ ಮಲೆನಾಡಿನ ಕೇಳುಗರಿಗೆ ತಟ್ಟನೆ ಹೊಳೆಯುತ್ತದೆ, ಉಳಿದವರಿಗೆ ಒಂದೇ ವಾಕ್ಯದಲ್ಲಿ ತಿಳಿಯುತ್ತದೆ. ‘ಮಗಳಂತೆ ನೋಡಿಕೊಂಡ ಅತ್ತೆ’ ಎಂದರೆ ಮಮತೆಗೆ ವಂದಿಸಿದಂತಾಗುತ್ತದೆ. ಇಲ್ಲಿ ವಂದನೆ ಅವರ ತಿಳಿವಳಿಕೆಗೆ ಸಂದಿದೆ. ಪುಸ್ತಕದ ಸಭೆಯಲ್ಲಿ ಅದಕ್ಕೇ ಹೆಚ್ಚು ಬೆಲೆ.

ಗಂಡನ ಭಾಗದಲ್ಲಿರುವುದು ಕನ್ನಡ ಪುಸ್ತಕೋದ್ಯಮದ ದಿನನಿತ್ಯದ ತಾಪತ್ರಯ. ಲೇಖಕರು ಈಗ ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ಯೂನಿಕೋಡಿನಲ್ಲಿ ಬರೆಯುತ್ತಾರೆ. ಪುಟವಿನ್ಯಾಸ ಮಾಡುವ ಅನೇಕ ಡಿಟಿಪಿ ಕೇಂದ್ರಗಳು ಈಗಲೂ ಹಳೆಯ ತಂತ್ರಾಂಶದಲ್ಲಿ, ನುಡಿಯಂಥ ಹಳೆಯ ಬಗೆಯ ಅಕ್ಷರಗಳಲ್ಲಿ ಕೆಲಸ ಮಾಡುತ್ತವೆ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಒತ್ತಕ್ಷರ, ಅರ್ಕಾವತ್ತು, ದೀರ್ಘಗಳು ಅಲ್ಲಲ್ಲಿ ಕೆಡುತ್ತವೆ. ಅದನ್ನು ಕಣ್ಣಿನಿಂದಲೇ ಹಿಡಿಯಬೇಕು. ಲೇಖಕಿ ಹಿಡಿಯುವುದು ಕಷ್ಟ, ಏಕೆಂದರೆ ಅವರು ತಮ್ಮ ವಾಕ್ಯವನ್ನು ನೆನಪಿನಿಂದ ಓದುತ್ತಾರೆ, ಪುಟದಲ್ಲಿ ಇಲ್ಲದ ಅಕ್ಷರವೂ ಕಣ್ಣಿಗೆ ಕಾಣುತ್ತದೆ. ಕತೆಯಲ್ಲಿ ಆಸಕ್ತಿ ಇಲ್ಲದ ಗಂಡನಿಗೆ ಆ ತೊಂದರೆ ಇಲ್ಲ. ಕರಡು ತಿದ್ದಿದ ಕೆಲಸ ಇಂತಹದು ಎಂದು ಹೇಳಿದಾಗ ‘ಅವಕಾಶ ಮಾಡಿಕೊಟ್ಟರು’ ಎಂಬ ಮಾತಿಗೆ ಜಾಗವೇ ಉಳಿಯುವುದಿಲ್ಲ.

ಮಗಳು ಬಿಟ್ಟುಹೋಗಿದ್ದಾಳೆ ಎಂದು ಕೆಲವರು ಗಮನಿಸಿರಬಹುದು. ಏನು ಮಾಡಿದಳು ಎಂಬ ಪ್ರಶ್ನೆಗೆ ಉತ್ತರ ಹೊಳೆಯದಿದ್ದರೆ ಹೆಸರನ್ನು ಬಲವಂತವಾಗಿ ತರಬೇಕಾಗಿಲ್ಲ. ಅವಳಿಗೆ ಅರ್ಪಣೆಯ ಪುಟವಿದೆ, ಅರಿಕೆಯಿದೆ. ಹರೆಯದ ಮಕ್ಕಳಿಗಂತೂ ನೂರು ಜನರ ಮುಂದೆ ‘ಮುದ್ದಿನ ಮಗಳು’ ಎನ್ನಿಸಿಕೊಳ್ಳುವುದಕ್ಕಿಂತ ಹೆಸರು ಬಾರದಿರುವುದೇ ಹಿತವಾಗಿರಬಹುದು. ಅದನ್ನು ಮೊದಲೇ ಕೇಳಿದರೆ ಅವರೇ ಹೇಳುತ್ತಾರೆ.

ಕೇಳುವುದು ಅತ್ತೆಯ ವಿಷಯದಲ್ಲಿ ಇನ್ನೂ ಮುಖ್ಯ. ‘ಓದಲು ಬರುವುದಿಲ್ಲ’ ಎಂಬುದನ್ನು ಸಭೆಯಲ್ಲಿ ಹೇಳುವುದಕ್ಕೆ ಅವರ ಒಪ್ಪಿಗೆ ಬೇಕು. ಕೆಲವರು ಅದನ್ನು ಸಹಜವಾಗಿ ಹೇಳಿಕೊಳ್ಳುತ್ತಾರೆ, ಕೆಲವರಿಗೆ ಅದು ಜೀವಮಾನವಿಡೀ ಮುಚ್ಚಿಟ್ಟ ನೋವು. ಅವರು ಬೇಡವೆಂದರೆ ಆ ಒಂದು ವಾಕ್ಯ ತೆಗೆದರೂ ಸಂಗತಿ ಕೆಡುವುದಿಲ್ಲ. ಕಾಯಿಲೆ, ಸಾಲ, ಮನೆಯ ಜಗಳ, ಪಾಲುಪಟ್ಟಿ ಇವುಗಳ ಮಾತು ಬಂದರೂ ಇದೇ ನಿಯಮ. ಪುಸ್ತಕದಲ್ಲಿ ಪಾತ್ರಗಳಿಗೆ ಬೇರೆ ಹೆಸರಿದೆ. ಮೈಕಿನಲ್ಲಿ ಹೇಳಿದ್ದಕ್ಕೆ ಆ ಮರೆಯಿಲ್ಲ. ಯಾರೋ ಫೋನಿನಲ್ಲಿ ಅದನ್ನು ಚಿತ್ರಿಸಿಕೊಳ್ಳುತ್ತಿರುತ್ತಾರೆ, ಸಂಜೆಯೊಳಗೆ ನೆಂಟರ ವಾಟ್ಸಾಪ್ ಗುಂಪುಗಳಲ್ಲಿ ಅದು ತಿರುಗುತ್ತದೆ.

ತೀರಿಕೊಂಡವರ ಬಗ್ಗೆ ಹೇಳುವಾಗ ‘ಇದ್ದಿದ್ದರೆ ಸಂತೋಷಪಡುತ್ತಿದ್ದರು’ ಎಂಬ ಸಾಲು ತಾನಾಗಿ ಬರುತ್ತದೆ. ಅದರಿಂದ ಆ ವ್ಯಕ್ತಿ ಕಣ್ಣಿಗೆ ಕಟ್ಟುವುದಿಲ್ಲ. ಕುವೆಂಪು ‘ಶ್ರೀರಾಮಾಯಣ ದರ್ಶನಂ’ ಕಾವ್ಯವನ್ನು ಅರ್ಪಿಸಿದ್ದು ತಮ್ಮ ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ. ಕಾವ್ಯ ಅಚ್ಚಾಗುವ ಹೊತ್ತಿಗೆ ಗುರುಗಳು ತೀರಿಕೊಂಡು ಹತ್ತು ವರ್ಷವಾಗಿತ್ತು. ಆ ಅರ್ಪಣೆಯ ಪದ್ಯದಲ್ಲಿ ಕವಿ ಗುರುವಿನ ಬಗ್ಗೆ ಓದುಗರಿಗೆ ಹೇಳುವುದಿಲ್ಲ. ಎದುರಿಗಿದ್ದಾರೆಂಬಂತೆ ಗುರುವಿನೊಡನೆಯೇ ಮಾತಾಡುತ್ತಾರೆ, ಕೆಲಸ ಮುಗಿಯಿತೆಂದು ಒಪ್ಪಿಸುತ್ತಾರೆ. ಲೇಖಕಿ ಅಪ್ಪನಿಗೆ ಲೈಬ್ರರಿ ಪುಸ್ತಕದ ಲೆಕ್ಕ ಒಪ್ಪಿಸುವುದೂ ಇದೇ ಬಗೆ. ಬದುಕಿದ್ದರೆ ಅವರು ಏನನ್ನು ಕೇಳುತ್ತಿದ್ದರೋ ಅದಕ್ಕೆ ಉತ್ತರ.

ಆ ಭಾಗ ನಾಲ್ಕೇ ಚಿಕ್ಕ ವಾಕ್ಯಕ್ಕೆ ಮುಗಿಯುವುದರ ಹಿಂದೆ ಉಪಯೋಗದ ಕಾರಣವೂ ಇದೆ. ಗಂಟಲು ಕಟ್ಟುವುದು ಅಲ್ಲೇ. ಮನೆಯಲ್ಲಿ ಗಟ್ಟಿಯಾಗಿ ಎರಡು ಸಲ ಓದಿದರೆ ಎಲ್ಲಿ ದನಿ ಒಡೆಯುತ್ತದೆ ಎಂಬುದು ಗೊತ್ತಾಗುತ್ತದೆ. ಆ ಜಾಗದಲ್ಲಿ ಉದ್ದ ವಾಕ್ಯವಿದ್ದರೆ ನಡುವೆ ಸಿಕ್ಕಿಹಾಕಿಕೊಳ್ಳುತ್ತಾರೆ. ಚಿಕ್ಕ ವಾಕ್ಯವಾದರೆ ಒಂದು ಉಸಿರಿನಲ್ಲಿ ದಾಟಬಹುದು. ಅಪ್ಪನ ಮಾತನ್ನು ಕೊನೆಗಿಡದೆ ನಡುವೆ ಇಟ್ಟಿರುವುದೂ ಅದಕ್ಕೇ. ಕೊನೆಗಿದ್ದರೆ ಸಭೆ ಅಳುವಿನ ಮೇಲೆ ಮುಗಿಯುತ್ತದೆ, ಓದುಗರಿಗೆ ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ.

ಇನ್ನೂ ಓದದ ಓದುಗರು

ಓದುಗರಿಗೆ ಕೃತಜ್ಞತೆ ಹೇಳುವಾಗ ಒಂದು ಪೇಚಿದೆ. ಬಿಡುಗಡೆಯ ದಿನ ಪುಸ್ತಕಕ್ಕೆ ಓದುಗರೇ ಇರುವುದಿಲ್ಲ. ಪುಸ್ತಕ ಕುರಿತು ಮಾತಾಡಿದವರು, ಮುನ್ನುಡಿಕಾರರು, ಕರಡು ತಿದ್ದಿದವರು ಬಿಟ್ಟರೆ ಸಭೆಯಲ್ಲಿ ಯಾರೂ ಅದನ್ನು ಓದಿಲ್ಲ. ‘ನನ್ನ ಕೃತಿಯನ್ನು ಮೆಚ್ಚಿ ಹರಸಿದ ಓದುಗರಿಗೆ’ ಎಂದು ಆ ದಿನ ಹೇಳಿದರೆ, ಕೈಯಲ್ಲಿ ಹೊಸ ಪುಸ್ತಕ ಹಿಡಿದು ಕುಳಿತವರಿಗೆ ಇದು ತಮಗಲ್ಲ ಎನಿಸುತ್ತದೆ.

ಆದರೆ ಕನ್ನಡದಲ್ಲಿ ಕತೆಗಾರರ ಮೊದಲ ಪುಸ್ತಕಕ್ಕೆ ಹಿಂದಿನಿಂದಲೂ ಒಂದು ಮುನ್ನಡೆ ಇದೆ. ಕತೆಗಳು ಸಾಮಾನ್ಯವಾಗಿ ಮೊದಲು ಪತ್ರಿಕೆಗಳಲ್ಲಿ ಬರುತ್ತವೆ. ಸುಧಾ, ತರಂಗದಂಥ ವಾರಪತ್ರಿಕೆ, ಮಯೂರ, ತುಷಾರದಂಥ ಮಾಸಪತ್ರಿಕೆ, ಪತ್ರಿಕೆಗಳ ದೀಪಾವಳಿ ವಿಶೇಷಾಂಕ, ಕಥಾಸ್ಪರ್ಧೆಗಳ ಮೂಲಕ ಹೆಸರು ಪರಿಚಯವಾಗಿ ಆಮೇಲೆ ಸಂಕಲನ ಬರುವುದು ರೂಢಿ. ಹೀಗಾಗಿ ಸಭೆಯಲ್ಲಿ ಎರಡು ಬಗೆಯ ಓದುಗರಿರುತ್ತಾರೆ: ಬಿಡಿಕತೆಗಳನ್ನು ಆಗಲೇ ಓದಿದವರು, ಮುಂದೆ ಓದಲಿರುವವರು. ಮೊದಲನೆಯವರಿಗೆ ಹೇಳಬೇಕಾದ್ದು ಕೃತಜ್ಞತೆ, ಎರಡನೆಯವರಿಗೆ ಕೇಳಿಕೆ. ಮೇಲಿನ ಮಾತಿನಲ್ಲಿ ಫೋನ್ ಮಾಡಿದವರ ಪ್ರಸಂಗ ಒಂದಕ್ಕೆ, ‘ಎಲ್ಲಿ ಬೇಸರ ಬಂತು ತಿಳಿಸಿ’ ಎಂಬುದು ಇನ್ನೊಂದಕ್ಕೆ.

ಇಲ್ಲಿ ಕೆಲವು ಎಡವಟ್ಟುಗಳು ಸಾಮಾನ್ಯ. ಒಂದು, ಕತೆಯ ಅರ್ಥ ವಿವರಿಸಲು ಹೊರಡುವುದು. ಪುಸ್ತಕ ಕುರಿತು ಮಾತಾಡಿದವರು ಇಪ್ಪತ್ತು ನಿಮಿಷ ಅದನ್ನೇ ಮಾಡಿದ್ದಾರೆ, ಅದರ ಮೇಲೆ ಲೇಖಕಿಯೂ ಶುರುಮಾಡಿದರೆ ಓದಲು ಏನೂ ಉಳಿಯುವುದಿಲ್ಲ. ಇನ್ನೊಂದು, ಅವರು ಎತ್ತಿದ ಆಕ್ಷೇಪಕ್ಕೆ ಅಲ್ಲೇ ಸಮಜಾಯಿಷಿ ಕೊಡುವುದು. ಎರಡನೇ ಕತೆ ಅವಸರದಲ್ಲಿ ಮುಗಿದಿದೆ ಎಂದು ವಿಮರ್ಶಕರು ಹೇಳಿದರೆ, ಯಾಕೆ ಹಾಗೆ ಮುಗಿಸಿದೆ ಎಂದು ಮೈಕಿನಲ್ಲಿ ವಾದಿಸುವುದರಿಂದ ಕತೆ ಉದ್ದವಾಗುವುದಿಲ್ಲ. ‘ಅವರು ಹೇಳಿದ್ದನ್ನು ಗುರುತು ಹಾಕಿಕೊಂಡಿದ್ದೇನೆ’ ಎಂಬಷ್ಟು ಸಾಕು. ಮೂರನೆಯದು ‘ನಾನೇನೂ ದೊಡ್ಡ ಲೇಖಕಿಯಲ್ಲ, ಏನೋ ಗೀಚಿದ್ದೇನೆ’ ಎಂಬ ವಿನಯ. ಹಾಗೆ ಗೀಚಿದ್ದಕ್ಕೆ ಮುನ್ನುಡಿ ಬರೆದವರು, ದುಡ್ಡು ಹಾಕಿ ಅಚ್ಚು ಮಾಡಿದ ಪ್ರಕಾಶಕರು, ಬಾಗಿಲ ಬಳಿಯ ಮೇಜಿನಲ್ಲಿ ರಿಯಾಯಿತಿ ದರಕ್ಕಾದರೂ ಕೊಂಡವರು ಎಲ್ಲರೂ ಅದೇ ಸಭೆಯಲ್ಲಿ ಕುಳಿತಿದ್ದಾರೆ. ಅವರ ಮುಂದೆ ಪುಸ್ತಕವನ್ನು ಹೀಗಳೆಯುವುದು ವಿನಯವೆನಿಸದು.

ಕಾಗದ ಹಿಡಿದು ಓದಬೇಕೋ, ಕಾಗದವಿಲ್ಲದೆ ಮಾತಾಡಬೇಕೋ ಎಂಬುದು ಹಳೆಯ ಚರ್ಚೆ. ಅಭ್ಯಾಸವಿಲ್ಲದವರು ಕಾಗದ ಇಟ್ಟುಕೊಳ್ಳುವುದೇ ಕ್ಷೇಮ. ಅಕ್ಷರ ದೊಡ್ಡದಿರಲಿ, ಒಂದೇ ಮಗ್ಗುಲಿಗೆ ಬರೆದಿರಲಿ, ಪ್ರತಿ ಭಾಗಕ್ಕೂ ನಡುವೆ ಎರಡು ಸಾಲು ಬಿಟ್ಟಿರಲಿ. ಫೋನಿನಲ್ಲಿ ಬರೆದುಕೊಂಡು ಹೋದವರಿಗೆ ಸರಿಯಾಗಿ ಆ ಹೊತ್ತಿಗೇ ಕರೆ ಬರುತ್ತದೆ, ಇಲ್ಲವೇ ಪರದೆ ಆರುತ್ತದೆ. ಬರೆದದ್ದು ಆಡುವ ಕನ್ನಡದಲ್ಲಿರಬೇಕು. ‘ನನ್ನ ಬರಹದ ಪಯಣದಲ್ಲಿ ದಾರಿದೀಪವಾದ’ ಎಂಬಂಥ ಸಾಲುಗಳನ್ನು ಗಟ್ಟಿಯಾಗಿ ಓದಿ ನೋಡಿದರೆ, ಬೇರೆ ಯಾರೋ ಬರೆದುಕೊಟ್ಟ ಹಾಗೆ ತಮ್ಮ ಕಿವಿಗೇ ಕೇಳಿಸುತ್ತದೆ. ಅತ್ತೆಗೆ ಮನೆಯಲ್ಲಿ ಹೇಗೆ ಹೇಳುತ್ತಾರೋ ಹಾಗೇ ಬರೆದ ಸಾಲನ್ನು ಓದುವಾಗ ನಾಲಿಗೆ ತೊಡರುವುದು ಕಡಿಮೆ.

ಉಳಿದದ್ದು ಚೀಟಿಯ ವಿಚಾರ. ಸಭೆ ತಡವಾದಾಗ ನಿರೂಪಕರು ‘ದಯವಿಟ್ಟು ಎರಡು ನಿಮಿಷದಲ್ಲಿ ಮುಗಿಸಿ’ ಎಂದು ಮಡಚಿದ ಚೀಟಿಯನ್ನು ಭಾಷಣಕಾರರ ಮುಂದೆ ಸರಿಸುತ್ತಾರೆ. ವಿಪರ್ಯಾಸವೆಂದರೆ ಹೊತ್ತು ತಿಂದವರು ಹಿಂದಿನವರು, ಚೀಟಿ ಸಿಗುವುದು ಲೇಖಕಿಗೆ. ಅದನ್ನು ಕಂಡು ಗಾಬರಿಯಾಗಿ ಎಲ್ಲವನ್ನೂ ಓಡಿಸಿ ಓದಿದರೆ ಏನೂ ತಲುಪುವುದಿಲ್ಲ. ಅದಕ್ಕೆ ಮೊದಲೇ, ಮನೆಯಲ್ಲೇ, ಯಾವ ಭಾಗ ಬಿಡಬಹುದು ಎಂದು ಅಂಚಿನಲ್ಲಿ ಗೆರೆ ಎಳೆದುಕೊಂಡಿರಬೇಕು.

ಈ ಉದಾಹರಣೆಯಲ್ಲಿ ಮೊದಲು ಬಿಡುವುದು ಕರಡು ತಿದ್ದಿದ ಪ್ರಸಂಗ. ಗಂಡನಿಗೆ ಅದನ್ನು ಹಿಂದಿನ ದಿನವೇ ಹೇಳಿ ಒಪ್ಪಿಸಿದ್ದರೆ ಮನೆಗೆ ಹೋದ ಮೇಲೆ ಮುನಿಸಿಲ್ಲ. ಆಮೇಲೂ ಹೊತ್ತು ಸಾಲದಿದ್ದರೆ ಬಿಡುವುದು ಅಪ್ಪನ ನಾಲ್ಕು ವಾಕ್ಯ, ಏಕೆಂದರೆ ಪುಸ್ತಕ ಅರ್ಪಿತವಾಗಿರುವುದು ಅವರಿಗೇ. ಅದು ಐದನೇ ಪುಟದಲ್ಲಿ ಅಚ್ಚಾಗಿದೆ. ಉಳಿಯುವುದು ಅತ್ತೆ ಮತ್ತು ಫೋನ್ ಮಾಡಿದ ಓದುಗರು. ಅವರಿಬ್ಬರ ಮಾತು ಪುಸ್ತಕದಲ್ಲಿ ಬೇರೆಲ್ಲೂ ದಾಖಲಾಗಿಲ್ಲ. ಅಷ್ಟಕ್ಕೆ ಒಂದೂವರೆ ನಿಮಿಷ ಸಾಕು, ಆಮೇಲೆ ಮೈಕು ಅಧ್ಯಕ್ಷರದ್ದು.